ಸಂಬಳ, ನೋಟಿಸ್ ಪೀರಿಯಡ್, ಕೆಲಸ ಬಿಟ್ಟ ಕಾರಣ: ರೆಸ್ಯೂಮ್‌ನಲ್ಲಿ ಬರೆಯಬೇಕಾ, ಬೇಡವಾ?

(ಉದ್ಯೋಗ ಹುಡುಕುತ್ತಿರುವವರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ರೆಸ್ಯೂಮ್ ಹೇಗೆ ಬರೆಯಬೇಕು ಅನ್ನುವ ದೊಡ್ಡ ವಿಷಯಕ್ಕೆ ನಾನು ಕೈ ಹಾಕುವುದಿಲ್ಲ. ಮೂರೇ ಮೂರು ಸಾಲುಗಳ ಬಗ್ಗೆ ಮಾತಾಡುತ್ತೇನೆ. ನನ್ನ ಕೈಗೆ ಬರುವ ಎಷ್ಟೋ ರೆಸ್ಯೂಮ್‌ಗಳಲ್ಲಿ ಹೆಸರು, ಫೋನ್ ನಂಬರ್ ಆದ ತಕ್ಷಣ ಈ ಸಾಲುಗಳು ಇರುತ್ತವೆ. ಒಂದು ರೆಸ್ಯೂಮ್ ಅನ್ನೇ ತೆಗೆದುಕೊಳ್ಳೋಣ. ವಿವರಗಳನ್ನು ಸ್ವಲ್ಪ ಬದಲಾಯಿಸಿದ್ದೇನೆ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಏಳು ವರ್ಷ ಅನುಭವ ಇರುವ ಒಬ್ಬ ಮಹಿಳೆಯದು. ಮೇಲ್ಗಡೆ ಹೀಗಿತ್ತು:

"ನಿರೀಕ್ಷಿತ ಸಂಬಳ: ಈಗಿನದಕ್ಕಿಂತ 30% ಜಾಸ್ತಿ. ನೋಟಿಸ್ ಪೀರಿಯಡ್: 90 ದಿನ, ಕಡಿಮೆ ಮಾಡಬಹುದು. ಕೆಲಸ ಬಿಡಲು ಕಾರಣ: ಉತ್ತಮ ಅವಕಾಶಕ್ಕಾಗಿ."

ಕೆಳಗೆ ಮೂರು ಕೆಲಸಗಳು. ಮೊದಲನೆಯದರಲ್ಲಿ ನಾಲ್ಕು ವರ್ಷ, ಎರಡನೆಯದರಲ್ಲಿ ಬರೀ ಏಳು ತಿಂಗಳು, ಈಗಿನದರಲ್ಲಿ ಎರಡೂವರೆ ವರ್ಷ. ಪ್ರತಿ ಕೆಲಸದ ಕೆಳಗೂ "ಬಿಟ್ಟ ಕಾರಣ: ಉತ್ತಮ ಅವಕಾಶ" ಎಂಬ ಸಾಲು ಮತ್ತೆ ಮತ್ತೆ ಬಂದಿತ್ತು.

ಇದನ್ನು ಯಾಕೆ ಬರೆದಿರಿ ಎಂದು ಕೇಳಿದರೆ ಅವರು ಕೊಟ್ಟ ಉತ್ತರ ಸರಿಯಾಗಿಯೇ ಇತ್ತು. "ಫೋನ್ ಮಾಡುವ ಪ್ರತಿ ಎಚ್‌ಆರ್ ಕೂಡ ಮೊದಲು ಇದನ್ನೇ ಕೇಳ್ತಾರೆ ಸರ್. ಮೊದಲೇ ಬರೆದುಬಿಟ್ಟರೆ ಇಬ್ಬರ ಟೈಮೂ ಉಳಿಯುತ್ತೆ ಅಲ್ವಾ?" ಅವರು ಕೇಳುತ್ತಾರೆ ಎನ್ನುವುದು ನಿಜ. ಆದರೆ ಅವರು ಕೇಳುವುದು ಫೋನಿನಲ್ಲಿ, ಅರ್ಜಿ ಫಾರ್ಮ್‌ನಲ್ಲಿ, ಇಮೇಲ್‌ನಲ್ಲಿ. ಅಲ್ಲಿ ಕೊಡುವ ಉತ್ತರ ಆ ಒಂದು ಕೆಲಸಕ್ಕೆ, ಆ ಒಬ್ಬರಿಗೆ ಮಾತ್ರ. ರೆಸ್ಯೂಮ್ ಹಾಗಲ್ಲ. ಒಂದೇ ಫೈಲ್ ಹತ್ತು ಕಡೆ ಹೋಗುತ್ತದೆ. ರಿಕ್ರೂಟರ್‌ರಿಂದ ಮ್ಯಾನೇಜರ್‌ಗೆ, ಅಲ್ಲಿಂದ ಇಂಟರ್‌ವ್ಯೂ ಮಾಡುವ ಇನ್ನೊಬ್ಬರಿಗೆ ಫಾರ್ವರ್ಡ್ ಆಗುತ್ತದೆ. ಕಂಪನಿಯ ಡೇಟಾಬೇಸ್‌ನಲ್ಲಿ ಕೂತು, ತಿಂಗಳುಗಳ ನಂತರ ಬೇರೆ ಹುದ್ದೆಗೆ ಹುಡುಕುವಾಗಲೂ ಮೇಲೆ ಬರುತ್ತದೆ.

ಹಾಗಾಗಿ ಒಂದು ಸಾಲು ರೆಸ್ಯೂಮ್‌ನಲ್ಲಿ ಇರಬೇಕಾ ಎಂದು ನೋಡಲು ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮೊದಲ ಸಲ ಓದುವವರು ಇದನ್ನು ನೋಡಿ "ಇವರನ್ನು ಕರೆಯೋಣ" ಎಂದು ಹೇಳುವ ಸಾಧ್ಯತೆ ಇದೆಯಾ, ಅಥವಾ "ಬೇಡ" ಎನ್ನಲು ಮಾತ್ರ ಇದು ಬಳಕೆಗೆ ಬರುತ್ತಾ? ಎರಡನೆಯದು, ಈ ಸಾಲು ಮೂರು ತಿಂಗಳ ಮೇಲೆ, ಬೇರೆ ಯಾರೋ ಓದಿದಾಗಲೂ ನಿಜವಾಗಿರುತ್ತಾ? ಮೂರೂ ಸಾಲುಗಳಿಗೆ ಉತ್ತರ ಒಂದೇ ಥರ ಬರುವುದಿಲ್ಲ.

ಸಂಬಳದಿಂದ ಶುರು ಮಾಡೋಣ. ಇಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಬರೆಯಬೇಡಿ.

ಅವರ ಲೆಕ್ಕವನ್ನೇ ನೋಡಿ. ಅವರ ಈಗಿನ ಸಂಬಳ 100 ಅಂದುಕೊಳ್ಳಿ. 30% ಜಾಸ್ತಿ ಅಂದರೆ ಕೇಳುತ್ತಿರುವುದು 130. ಒಂದು ಕಂಪನಿಯಲ್ಲಿ ಆ ಹುದ್ದೆಗೆ 140ರಿಂದ 170ರವರೆಗೆ ಮಂಜೂರಾಗಿದೆ ಎಂದುಕೊಳ್ಳೋಣ. ಅವರು ರೆಸ್ಯೂಮ್ ಓದಿದ ಮೇಲೆ ಆಫರ್ ಎಷ್ಟು ಬರುತ್ತದೆ? ತುಂಬಾ ಒಳ್ಳೆಯವರಾದರೆ 140. ಇಂಟರ್‌ವ್ಯೂನಲ್ಲಿ ಎಷ್ಟೇ ಚೆನ್ನಾಗಿ ಮಾತಾಡಿದರೂ 160ಕ್ಕೆ ಹೋಗುವುದು ಕಷ್ಟ, ಯಾಕೆಂದರೆ "ಇವರು 130ಕ್ಕೆ ಬರುತ್ತಾರೆ" ಎಂದು ಎಲ್ಲರಿಗೂ ಗೊತ್ತಾಗಿದೆ. ನಿಮ್ಮ ಅಂಕಿ ಕಡಿಮೆ ಆಯಿತು ಎಂದು ನಿಮಗೆ ಯಾರೂ ಹೇಳುವುದಿಲ್ಲ. ಖುಷಿಯಿಂದ ಸಹಿ ಮಾಡಿ ಸೇರುತ್ತೀರಿ. ಪಕ್ಕದಲ್ಲಿ ಕೂತವರಿಗೆ ಎಷ್ಟು ಸಿಗುತ್ತಿದೆ ಎಂದು ತಿಳಿದ ದಿನವಷ್ಟೇ ವಿಷಯ ಗೊತ್ತಾಗುವುದು.

ಈಗ ಇನ್ನೊಂದು ಕಂಪನಿ. ಅಲ್ಲಿ ಮಂಜೂರಾಗಿರುವುದು 110ರಿಂದ 125. ಆದರೆ ಅಲ್ಲಿ ಆಟೊಮೇಷನ್ ಕೆಲಸ ಇದೆ, ಇವರು ಎರಡು ವರ್ಷದಿಂದ ಅದನ್ನೇ ಬಯಸುತ್ತಿದ್ದಾರೆ. ನಾನು ಕೇಳಿದಾಗ "ಅಂಥ ಕೆಲಸ ಸಿಕ್ಕರೆ 120ಕ್ಕೂ ಹೋಗ್ತೀನಿ" ಅಂದರು. ಆದರೆ ಆ ಕಂಪನಿಯಿಂದ ಅವರಿಗೆ ಫೋನೇ ಬರುವುದಿಲ್ಲ. ಮೊದಲು ರೆಸ್ಯೂಮ್ ಸೋಸುವವರು ಸಾಮಾನ್ಯವಾಗಿ ಬಜೆಟ್ ಏರಿಸುವ ಅಧಿಕಾರ ಇಲ್ಲದವರು. ಅವರ ಕೈಯಲ್ಲಿ ಒಂದು ಮಿತಿ ಇರುತ್ತದೆ, ಅದಕ್ಕಿಂತ ಮೇಲೆ ಇದ್ದರೆ ಪಕ್ಕಕ್ಕೆ ಇಡುತ್ತಾರೆ. ಅಧಿಕಾರ ಇರುವ ಮ್ಯಾನೇಜರ್ ನಿಮ್ಮನ್ನು ನೋಡುವುದೇ ಇಲ್ಲ. ಅಂಕಿ ಒಂದೇ. ಒಂದು ಕಡೆ ಕಡಿಮೆ ಆಯಿತು, ಇನ್ನೊಂದು ಕಡೆ ಜಾಸ್ತಿ ಆಯಿತು.

"30% ಜಾಸ್ತಿ" ಅನ್ನುವ ರೀತಿಯಲ್ಲಿ ಇನ್ನೊಂದು ತೊಂದರೆ ಇದೆ. ಅದನ್ನು ಓದಿದವರು ತಕ್ಷಣ ಕೇಳುವ ಪ್ರಶ್ನೆ "ಈಗ ಎಷ್ಟು?" ಅಲ್ಲಿಂದ ಇಡೀ ಮಾತುಕತೆ ಹುದ್ದೆಯ ಬೆಲೆಯ ಸುತ್ತ ನಡೆಯುವುದಿಲ್ಲ, ನಿಮ್ಮ ಹಳೆಯ ಸಂಬಳದ ಸುತ್ತ ನಡೆಯುತ್ತದೆ. ನೀವು ಹಿಂದೆ ಕಡಿಮೆ ಸಂಬಳಕ್ಕೆ ದುಡಿದಿದ್ದರೆ ಆ ಕಡಿಮೆ ನಿಮ್ಮ ಬೆನ್ನಿಗೇ ಬರುತ್ತದೆ. ಇದೇ ಕಾರಣಕ್ಕೆ ಕೆಲವು ಕಡೆ ಕಾನೂನೇ ಬಂದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಕಂಪನಿಗಳು ಅಭ್ಯರ್ಥಿಯ ಹಿಂದಿನ ಸಂಬಳ ಕೇಳುವಂತಿಲ್ಲ. ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ: ಯಾರೂ ಕೇಳದೆ ಅಭ್ಯರ್ಥಿ ತಾನಾಗಿಯೇ ಹೇಳಿದರೆ, ಸಂಬಳ ನಿಗದಿ ಮಾಡುವಾಗ ಕಂಪನಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅಂದರೆ ಅಲ್ಲಿ ಹಳೆಯ ಸಂಬಳವನ್ನು ರೆಸ್ಯೂಮ್‌ನಲ್ಲಿ ತಾವಾಗಿಯೇ ಬರೆದವರು ಕಾನೂನು ಕೊಟ್ಟ ರಕ್ಷಣೆಯನ್ನು ಸುಮ್ನೆ ಕೈಯಾರೆ ಬಿಟ್ಟುಕೊಟ್ಟ ಹಾಗೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಹೊರಡಿಸಿದ ಸಂಬಳ ಪಾರದರ್ಶಕತೆಯ ನಿರ್ದೇಶನವೂ ಇದೇ ದಾರಿಯದು: ಹಳೆಯ ಸಂಬಳ ಕೇಳುವಂತಿಲ್ಲ, ಹುದ್ದೆಯ ಸಂಬಳ ಎಷ್ಟರಿಂದ ಎಷ್ಟು ಎಂದು ಕಂಪನಿಯೇ ತಿಳಿಸಬೇಕು.

ಜಾಹೀರಾತಿನಲ್ಲೇ "ನಿರೀಕ್ಷಿತ ಸಂಬಳ ತಿಳಿಸಿ" ಎಂದಿದ್ದರೆ? ಆಗ ತಿಳಿಸಲೇಬೇಕು. ಮುಚ್ಚಿಟ್ಟರೆ ಸೂಚನೆ ಓದಿಲ್ಲ ಎಂದಾಗುತ್ತದೆ. ಆದರೆ ತಿಳಿಸುವ ಜಾಗ ಇಮೇಲ್ ಅಥವಾ ಕವರ್ ಲೆಟರ್. ಜರ್ಮನಿಯಲ್ಲಿ ಇದು ರೂಢಿಯೇ ಆಗಿದೆ. ಅಲ್ಲಿನ ಜಾಹೀರಾತುಗಳು ಎಷ್ಟೋ ಸಲ ಸಂಬಳದ ನಿರೀಕ್ಷೆ ಕೇಳುತ್ತವೆ. ಅಭ್ಯರ್ಥಿಗಳು ತೆರಿಗೆಗೆ ಮುಂಚಿನ ವಾರ್ಷಿಕ ಮೊತ್ತವನ್ನು ಕವರ್ ಲೆಟರ್‌ನ ಕೊನೆಗೆ ಒಂದು ವಾಕ್ಯದಲ್ಲಿ ಬರೆಯುತ್ತಾರೆ. ರೆಸ್ಯೂಮ್‌ನಲ್ಲಿ ಅದು ಇರುವುದಿಲ್ಲ.

ಆನ್‌ಲೈನ್ ಫಾರ್ಮ್‌ನಲ್ಲಿ ಅಂಕಿ ಹಾಕದೆ ಮುಂದೆ ಹೋಗಲು ಬಿಡದಿದ್ದರೆ, ಒಂದು ವಿಷಯ ಮಾತ್ರ ಎರಡು ಸಲ ನೋಡಿ: ಅವರು ಕೇಳುತ್ತಿರುವುದು ತಿಂಗಳದ್ದಾ, ವರ್ಷದ್ದಾ? ವಾರ್ಷಿಕ ಕೇಳಿದ ಕಡೆ ತಿಂಗಳ ಸಂಬಳ ಹಾಕಿ ಕಳಿಸಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೆಲವರು ಜಾಣತನ ಮಾಡಿ 0 ಅಥವಾ 1 ಹಾಕುತ್ತಾರೆ. ಎದುರು ಕೂತವರು ಮನುಷ್ಯರಾದರೆ ಅರ್ಥ ಮಾಡಿಕೊಳ್ಳುತ್ತಾರೆ. ಫಾರ್ಮ್‌ಗೆ ಕನಿಷ್ಠ ಮತ್ತು ಗರಿಷ್ಠ ಮಿತಿ ಹಾಕಿ ಸೋಸುವ ವ್ಯವಸ್ಥೆ ಇದ್ದರೆ ಅದಕ್ಕೆ ತಮಾಷೆ ಅರ್ಥವಾಗುವುದಿಲ್ಲ.

ಇನ್ನು ನೋಟಿಸ್ ಪೀರಿಯಡ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು, ಯಾಕೆಂದರೆ ಇಲ್ಲಿ ಉತ್ತರ ನಿಮ್ಮ ಸ್ಥಿತಿಯ ಮೇಲೆ ಬದಲಾಗುತ್ತದೆ. ಈ ಮೂರರಲ್ಲಿ ಕೆಲವೊಮ್ಮೆ ನಿಮ್ಮ ಪರವಾಗಿ ಕೆಲಸ ಮಾಡುವ ಸಾಲು ಇದೊಂದೇ.

ಮೊದಲು ರಾಜೀನಾಮೆ ಕೊಡದೆ ಹುಡುಕುತ್ತಿರುವವರು. ಆ ಮಹಿಳೆ ಅದೇ ಸ್ಥಿತಿಯಲ್ಲಿದ್ದರು. "90 ದಿನ" ಎಂಬ ಅಂಕಿ ರೆಸ್ಯೂಮ್‌ನ ತಲೆಯ ಮೇಲೆ ಇದ್ದರೆ ಅದನ್ನು ನೋಡಿ ಯಾರೂ ಸಂತೋಷಪಡುವುದಿಲ್ಲ. ಬೇಗ ಜನ ಬೇಕಾದವರು ಅಲ್ಲಿಗೇ ನಿಲ್ಲಿಸುತ್ತಾರೆ. ಕಾಯಲು ಸಿದ್ಧ ಇರುವವರಿಗೆ ಅದು ಆ ಹೊತ್ತಿಗೆ ಬೇಕಾದ ಮಾಹಿತಿಯೇ ಅಲ್ಲ. ಕೆಲಸ ಇಷ್ಟವಾಗಿ, ಮ್ಯಾನೇಜರ್ "ಇವರೇ ಬೇಕು" ಎಂದ ಮೇಲೆ ಅದೇ 90 ದಿನ ಮಾತಾಡಿ ಬಗೆಹರಿಸುವ ವಿಷಯವಾಗುತ್ತದೆ.

"ಕಡಿಮೆ ಮಾಡಬಹುದು" ಎಂದು ಸೇರಿಸಿದ್ದರಲ್ಲ, ಅದರ ಬಗ್ಗೆ ಕೇಳಿದೆ. "ಎಷ್ಟಕ್ಕೆ ಇಳಿಯುತ್ತೆ? ನಿಮ್ಮ ಕಂಪನಿಯವರು ಒಪ್ಪಿದ್ದಾರಾ?" ಅವರು ಯಾರನ್ನೂ ಕೇಳಿರಲಿಲ್ಲ. ರಾಜೀನಾಮೆಗೆ ಮುಂಚೆ ಕೇಳುವುದಾದರೂ ಹೇಗೆ? ಹಾಗಾಗಿ ಇಬ್ಬರೂ ಕೂತು ನೇಮಕದ ಪತ್ರ ತೆಗೆದು ಓದಿದೆವು. ಮೂರು ವಿಷಯ ಹುಡುಕಿದೆವು. ದಿನ ಎಣಿಸುವುದು ಯಾವಾಗಿನಿಂದ? ನೋಟಿಸ್ ಬದಲು ದುಡ್ಡು ಕಟ್ಟಿ ಬೇಗ ಹೋಗಲು ಅವಕಾಶ ಇದೆಯಾ, ಇದ್ದರೆ ಅದನ್ನು ತೀರ್ಮಾನಿಸುವವರು ಯಾರು? ಉಳಿದ ರಜೆಯನ್ನು ನೋಟಿಸ್‌ಗೆ ಹೊಂದಿಸಬಹುದಾ?

ಅವರ ಪತ್ರದಲ್ಲಿ ಹೀಗಿತ್ತು: ರಾಜೀನಾಮೆ ಬರವಣಿಗೆಯಲ್ಲಿ ಕೊಟ್ಟ ಮರುದಿನದಿಂದ 90 ದಿನ, ಶನಿವಾರ ಭಾನುವಾರ ಎಲ್ಲ ಸೇರಿ. ದುಡ್ಡು ಕಟ್ಟಿ ಹೋಗುವುದು ಕಂಪನಿ ಒಪ್ಪಿದರೆ ಮಾತ್ರ. ರಜೆ ಹೊಂದಿಸುವುದು ಮ್ಯಾನೇಜರ್ ಒಪ್ಪಿಗೆ ಮೇಲೆ. ಅವರ ಹತ್ತಿರ 15 ರಜೆ ಉಳಿದಿತ್ತು. ವಾರಕ್ಕೆ ಐದು ದಿನ ಕೆಲಸ, ಹಾಗಾಗಿ 15 ರಜೆ ಅಂದರೆ ಕ್ಯಾಲೆಂಡರ್‌ನಲ್ಲಿ ಮೂರು ವಾರ, 21 ದಿನ. ಎಲ್ಲ ಒಪ್ಪಿದರೆ 69 ದಿನ. ಯಾರೂ ಒಪ್ಪದಿದ್ದರೆ 90. ಅವರು ಭರವಸೆ ಕೊಡಬಹುದಾದ ಅಂಕಿ 90 ಒಂದೇ. ಉಳಿದದ್ದು ಆಸೆ. "ಕಡಿಮೆ ಮಾಡಬಹುದು" ಎಂದು ಓದಿದವರು 30 ದಿನ ಅಂದುಕೊಂಡಿರುತ್ತಾರೆ, ಆಫರ್ ಬಂದ ಮೇಲೆ ಅದು 90 ಎಂದು ತಿಳಿದರೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ.

ಇನ್ನೊಂದು ಮಾತು. ನೋಟಿಸ್‌ನ ಲೆಕ್ಕ ಎಲ್ಲ ಕಡೆ ಒಂದೇ ಅಲ್ಲ. ಜರ್ಮನಿಯ ಕಾನೂನಿನಲ್ಲಿ ಸಾಮಾನ್ಯ ನಿಯಮ ನಾಲ್ಕು ವಾರ, ಆದರೆ ಕೆಲಸ ಮುಗಿಯುವುದು ತಿಂಗಳ 15ಕ್ಕೆ ಅಥವಾ ತಿಂಗಳ ಕೊನೆಗೆ ಮಾತ್ರ. ಮೇ 20ಕ್ಕೆ ರಾಜೀನಾಮೆ ಕೊಟ್ಟರೆ ನಾಲ್ಕು ವಾರ ಮುಗಿಯುವುದು ಜೂನ್ 17ಕ್ಕೆ. 15 ಆಗಲೇ ದಾಟಿತು. ಹಾಗಾಗಿ ಬಿಡುಗಡೆ ಜೂನ್ 30ಕ್ಕೆ. "ನಾಲ್ಕು ವಾರ" ಎಂದು ಬರೆದವರು ನಿಜದಲ್ಲಿ ಸುಮಾರು ಆರು ವಾರ ಕಾಯಿಸಿದರು. ವಾರ, ದಿನಗಳ ಬದಲು ತಾರೀಖು ಹೇಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ತಾರೀಖು ಅಂದಾಗ ಎರಡನೆಯ ಸ್ಥಿತಿ ಬರುತ್ತದೆ: ಆಗಲೇ ರಾಜೀನಾಮೆ ಕೊಟ್ಟು ನೋಟಿಸ್‌ನಲ್ಲಿ ಇರುವವರು. ಡಿಸೆಂಬರ್ 16ಕ್ಕೆ ರಾಜೀನಾಮೆ ಕೊಟ್ಟಿದ್ದೀರಿ, ಕೊನೆಯ ದಿನ ಮಾರ್ಚ್ 16 ಎಂದು ಎಚ್‌ಆರ್‌ನಿಂದ ಇಮೇಲ್ ಬಂದಿದೆ ಅಂದುಕೊಳ್ಳಿ. ಫೆಬ್ರವರಿ ಹತ್ತರ ಹೊತ್ತಿಗೆ ನೀವು ಅರ್ಜಿ ಹಾಕುತ್ತಿದ್ದೀರಿ. ಈಗ "ಮಾರ್ಚ್ 17ರಿಂದ ಸೇರಬಹುದು" ಎಂಬ ಒಂದು ಸಾಲು ಫೋನ್ ನಂಬರ್ ಪಕ್ಕದಲ್ಲಿ ಇದ್ದರೆ ಅದು ನಿಮಗೆ ಲಾಭವೇ. ಉಳಿದ ಅಭ್ಯರ್ಥಿಗಳು ಎರಡು ಮೂರು ತಿಂಗಳು ಕಾಯಿಸುವವರಾದರೆ ರಿಕ್ರೂಟರ್ ಮೊದಲು ನಿಮಗೇ ಫೋನ್ ಮಾಡುತ್ತಾರೆ. ಕಾಂಟ್ರಾಕ್ಟ್ ಕೆಲಸಗಳಿಗೆ ಅರ್ಜಿ ಹಾಕುವವರಿಗೂ ಇದೇ ಮಾತು. ಅಲ್ಲಿ ಯಾವತ್ತಿನಿಂದ ಸಿಗುತ್ತೀರಿ ಎನ್ನುವುದು ನಿಮ್ಮ ಅನುಭವದಷ್ಟೇ ಮುಖ್ಯ.

ಆದರೆ ಆ ಸಾಲಿಗೆ ಆಯುಸ್ಸು ಕಡಿಮೆ. ಹಾಲಿನ ಪ್ಯಾಕೆಟ್ ಮೇಲಿನ ತಾರೀಖಿನ ಹಾಗೆ. ಅದೇ ಫೈಲ್ ಜುಲೈನಲ್ಲಿ ಯಾರದೋ ಕಣ್ಣಿಗೆ ಬಿದ್ದರೆ "ಮಾರ್ಚ್‌ನಿಂದ ಕೆಲಸ ಸಿಕ್ಕಿಲ್ಲವಾ?" ಎಂದು ಯೋಚಿಸುತ್ತಾರೆ. ಅದಕ್ಕೆ ಈ ಸಾಲಿರುವ ಕಾಪಿಯನ್ನು ನೇರವಾಗಿ ಒಬ್ಬರಿಗೆ ಕಳಿಸುವಾಗ ಮಾತ್ರ ಬಳಸಿ. ಪೋರ್ಟಲ್‌ನಲ್ಲಿ ಹಾಕುವ ಕಾಪಿಯಲ್ಲಿ ಬೇಡ. ಅಲ್ಲಿ ನೋಟಿಸ್‌ಗೆ ಬೇರೆಯೇ ಕಾಲಂ ಇರುತ್ತದೆ. ರಿಕ್ರೂಟರ್ ಹುಡುಕುವಾಗ ಸೋಸುವುದು ಆ ಕಾಲಂನಿಂದ, ಅದನ್ನು ನೀವು ಯಾವಾಗ ಬೇಕಾದರೂ ಬದಲಾಯಿಸಬಹುದು.

ಇಲ್ಲಿ ಪದೇ ಪದೇ ಕಾಣುವ ಒಂದು ಗೊಂದಲವನ್ನೂ ಹೇಳಿಬಿಡುತ್ತೇನೆ. ಮೇಲೆ "ತಕ್ಷಣ ಸೇರಬಹುದು" ಎಂದಿರುತ್ತದೆ. ಕೆಳಗೆ ಕೊನೆಯ ಕೆಲಸದ ಎದುರು "2023ರಿಂದ ಇಲ್ಲಿಯವರೆಗೆ" ಎಂದಿರುತ್ತದೆ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಾ? ಒಂದೋ ಕೆಲಸ ಬಿಟ್ಟಾಗಿದೆ, ಅದನ್ನು ಮುಚ್ಚಿಡುತ್ತಿದ್ದಾರೆ. ಇಲ್ಲವೇ ನೋಟಿಸ್ ಕೊಡದೆ ಓಡಿಬರುವ ಯೋಚನೆಯಲ್ಲಿದ್ದಾರೆ. ಓದುವವರಿಗೆ ಎರಡೂ ಇಷ್ಟವಾಗುವುದಿಲ್ಲ. ಕೆಲಸ ಬಿಟ್ಟಿದ್ದರೆ ಬಿಟ್ಟ ತಿಂಗಳನ್ನು ಹಾಕಿ. ಅಷ್ಟು ಹಾಕಿದರೆ "ತಕ್ಷಣ ಸೇರಬಹುದು" ಎಂದು ಬೇರೆ ಬರೆಯಬೇಕಾಗಿಯೇ ಇಲ್ಲ, ತಾನೇ ಗೊತ್ತಾಗುತ್ತದೆ.

ಇನ್ನೂ ರಾಜೀನಾಮೆ ಕೊಡದವರಿಗೆ ಒಂದು ಎಚ್ಚರಿಕೆ. ನಿಮ್ಮ ಈಗಿನ ಕಂಪನಿಯ ರಿಕ್ರೂಟರ್ ಕೂಡ ಅದೇ ಪೋರ್ಟಲ್‌ನಲ್ಲಿ ಜನರನ್ನು ಹುಡುಕುತ್ತಿರಬಹುದು. ಬರೀ ಅನುಭವ ಬರೆದಿರುವ ರೆಸ್ಯೂಮ್ ಸಿಕ್ಕರೆ "ಹಳೆಯದು, ಹಾಗೇ ಉಳಿದಿದೆ" ಎನ್ನಬಹುದು. ನೋಟಿಸ್, ಬೇಕಾದ ಸಂಬಳ, ಬಿಡುವ ಕಾರಣ ಎಲ್ಲ ಇದ್ದರೆ ಏನು ಹೇಳುತ್ತೀರಿ?

ಮೂರನೆಯದು ಬಿಟ್ಟ ಕಾರಣ. ಈ ಸಾಲು ರೆಸ್ಯೂಮ್‌ಗೆ ಬಂದದ್ದು ಅರ್ಜಿ ಫಾರ್ಮ್‌ಗಳ ಅಭ್ಯಾಸದಿಂದ ಎಂದು ನನ್ನ ಊಹೆ. ಫಾರ್ಮ್‌ಗಳಲ್ಲಿ ಪ್ರತಿ ಕೆಲಸದ ಎದುರು ಅದಕ್ಕೊಂದು ಕಾಲಂ ಇರುತ್ತದೆ. ಅಲ್ಲಿ ಕೇಳಿದರೆ ಚಿಕ್ಕದಾಗಿ, ನಿಜ ಬರೆಯಿರಿ. ಫಾರ್ಮ್‌ನ ಕೊನೆಯಲ್ಲಿ "ಮೇಲಿನ ಮಾಹಿತಿ ನಿಜ" ಎಂದು ಸಹಿ ಹಾಕಿಸಿಕೊಳ್ಳುತ್ತಾರೆ, ಸುಳ್ಳು ಎಂದು ಆಮೇಲೆ ತಿಳಿದರೆ ಕೆಲಸಕ್ಕೇ ಕುತ್ತು ಬರಬಹುದು. ರೆಸ್ಯೂಮ್‌ನಲ್ಲಿ ಆ ಕಾಲಂ ಇಲ್ಲ. "ಉತ್ತಮ ಅವಕಾಶಕ್ಕಾಗಿ" ಎಂದು ಮೂರು ಸಲ ಬರೆದರೆ ಜಾಗ ಹೋಯಿತು, ಓದುವವರಿಗೆ ಏನೂ ತಿಳಿಯಲಿಲ್ಲ. "ಮ್ಯಾನೇಜರ್ ಜೊತೆ ಹೊಂದಾಣಿಕೆ ಆಗಲಿಲ್ಲ" ಎಂದು ನಿಜ ಬರೆದರೂ ಕಷ್ಟ. ಎದುರು ಕೂತು ಹೇಳಿದರೆ ನಾಲ್ಕು ವಾಕ್ಯದಲ್ಲಿ ಅರ್ಥವಾಗುವ ವಿಷಯ ಕಾಗದದ ಮೇಲೆ ದೂರಿನ ಹಾಗೆ ಕಾಣುತ್ತದೆ.

ಆದರೆ ಆ ಏಳು ತಿಂಗಳ ಕೆಲಸ? ಅದರ ಬಗ್ಗೆ ಕೇಳಿದಾಗ ಸಂಗತಿ ಹೊರಬಂತು. ಕಂಪನಿ ಆ ಪ್ರಾಡಕ್ಟ್ ಅನ್ನೇ ನಿಲ್ಲಿಸಿ ಇಡೀ ಟೀಮನ್ನು ಮನೆಗೆ ಕಳಿಸಿತ್ತು. ಅವರಿಗೆ ಅದನ್ನು ಬರೆಯಲು ನಾಚಿಕೆ, ಅದಕ್ಕೇ "ಉತ್ತಮ ಅವಕಾಶ" ಎಂದು ಹಾಕಿದ್ದರು. ಓದುವವರಿಗೆ ಕಂಡದ್ದೇನು? ಏಳೇ ತಿಂಗಳಿಗೆ ಇನ್ನೂ ಒಳ್ಳೆಯದು ಸಿಕ್ಕಿತು ಎಂದು ಹಾರಿಹೋದವರು. ಮುಚ್ಚಲು ಹೋಗಿ ನಿಜಕ್ಕಿಂತ ಕೆಟ್ಟದ್ದನ್ನು ಬರೆದುಕೊಂಡಿದ್ದರು. ಇಲ್ಲಿ ನಾನು ಕಾರಣ ಬರೆಯಿರಿ ಎಂದೇ ಹೇಳಿದೆ. ಆದರೆ ಬೇರೆ ಸಾಲಾಗಿ ಅಲ್ಲ, ತಾರೀಖಿನ ಪಕ್ಕದಲ್ಲೇ ನಾಲ್ಕು ಪದ: "ಪ್ರಾಡಕ್ಟ್ ನಿಂತು ಟೀಮ್ ಮುಚ್ಚಿತು."

ಓದುವವರು ತಪ್ಪು ಕಾರಣ ಊಹಿಸುವ ಹಾಗಿದ್ದು, ನಿಜವಾದ ಕಾರಣ ನಿಮ್ಮ ಕೈಯಲ್ಲಿ ಇಲ್ಲದ್ದಾಗಿದ್ದು, ನಾಲ್ಕೈದು ಪದಗಳಲ್ಲಿ ಮುಗಿಯುವುದಾದರೆ ಬರೆಯಿರಿ. ಆರು ತಿಂಗಳ ಕಾಂಟ್ರಾಕ್ಟ್ ಆಗಿದ್ದರೆ ಹುದ್ದೆಯ ಪಕ್ಕ "ಕಾಂಟ್ರಾಕ್ಟ್" ಎಂದರೆ ಸಾಕು. ಕಂಪನಿ ಬೇರೆಯವರಿಗೆ ಮಾರಾಟವಾಗಿ ಹೆಸರು ಬದಲಾಗಿದ್ದರೆ ಅದನ್ನೂ ಹಾಕಿ, ಇಲ್ಲದಿದ್ದರೆ ಒಂದೇ ಕೆಲಸ ಎರಡರ ಹಾಗೆ ಕಾಣುತ್ತದೆ. ನಾಲ್ಕು ವರ್ಷ ಇದ್ದು ಬಿಟ್ಟ ಮೊದಲ ಕೆಲಸಕ್ಕೆ ಯಾವ ವಿವರಣೆಯೂ ಬೇಡ. ನಿಮ್ಮನ್ನೇ ತೆಗೆದುಹಾಕಿದ್ದರೆ ಅದು ರೆಸ್ಯೂಮ್‌ಗೆ ಬೇಡ. ಆದರೆ ಕೇಳಿದಾಗ ಹೇಳುವ ಉತ್ತರ ತಯಾರಿರಲಿ, ಹಳೆಯ ಕಂಪನಿಗೆ ಫೋನ್ ಮಾಡಿದರೆ ಅವರು ಹೇಳುವುದಕ್ಕೆ ಅದು ತಾಳೆಯಾಗಲಿ.

ಕೊನೆಗೆ ಆ ರೆಸ್ಯೂಮ್‌ನ ತಲೆಯಲ್ಲಿ ಉಳಿದದ್ದು ಹೆಸರು, ಫೋನ್, ಇಮೇಲ್. ಕೆಳಗೆ ಟೆಸ್ಟಿಂಗ್‌ನಲ್ಲಿ ಏನು ಮಾಡಿದ್ದಾರೆ ಎನ್ನುವ ಎರಡು ಸಾಲು. ನೋಟಿಸ್ ಕೇಳಿದ ಕಡೆ ಇಮೇಲ್‌ನಲ್ಲಿ ಬರೆಯಲು ಹೀಗೆ ಒಂದು ವಾಕ್ಯ ಮಾಡಿಕೊಂಡರು: "ನನ್ನ ನೋಟಿಸ್ 90 ದಿನ. 15 ರಜೆ ಹೊಂದಿಸಲು ಕೇಳುತ್ತೇನೆ, ಒಪ್ಪಿದರೆ ಸುಮಾರು ಮೂರು ವಾರ ಮುಂಚೆ ಬರಬಹುದು." ಸಂಬಳ ಕೇಳಿದರೆ ಮೊದಲು "ಈ ಹುದ್ದೆಗೆ ಎಷ್ಟರಿಂದ ಎಷ್ಟು ಇಟ್ಟಿದ್ದೀರಿ?" ಎಂದು ತಿರುಗಿ ಕೇಳುವುದು. ಅವರು ಹೇಳದಿದ್ದರೆ, ಕೆಲಸದ ವಿವರ ತಿಳಿದುಕೊಂಡು, ಆ ಕೆಲಸಕ್ಕೆ ತಕ್ಕ ಒಂದು ಮೊತ್ತ ಹೇಳುವುದು. ಇಷ್ಟರಿಂದ ಇಷ್ಟು ಎಂದು ಹೇಳಿದರೆ ಕೇಳುವವರ ಕಿವಿಗೆ ಕೆಳಗಿನ ಅಂಕಿ ಮಾತ್ರ ಬೀಳುತ್ತದೆ.

ಇಲ್ಲಿಗೆ ಮುಗಿಸೋಣ ಎನ್ನುವಾಗ ಸಭೆಯಿಂದ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. "ಕನ್ಸಲ್ಟೆನ್ಸಿಯವರು ಈ ಮೂರನ್ನೂ ರೆಸ್ಯೂಮ್‌ನಲ್ಲೇ ಹಾಕಿ ಕಳಿಸಿ ಅಂತಾರಲ್ಲ, ಇಲ್ಲದಿದ್ದರೆ ಮುಂದಕ್ಕೆ ಕಳಿಸಲ್ಲ ಅಂತಾರೆ. ಆಗ ಏನು ಮಾಡೋದು?"

ಅವರಿಗೆ ಆ ಮಾಹಿತಿ ಬೇಕು, ಅದು ನ್ಯಾಯವೇ. ಕಂಪನಿಗೆ ಕಳಿಸುವಾಗ ಅವರು ತಮ್ಮದೇ ಒಂದು ಪಟ್ಟಿ ಜೋಡಿಸುತ್ತಾರೆ. ಹಾಗಾಗಿ ನೀವು ಇಮೇಲ್‌ನಲ್ಲಿ ಮೂರು ಸಾಲು ಬರೆದು ಕೊಡಿ, "ಇದನ್ನು ನಿಮ್ಮ ಪಟ್ಟಿಯಲ್ಲಿ ಹಾಕಿಕೊಳ್ಳಿ, ರೆಸ್ಯೂಮ್ ಹಾಗೇ ಇರಲಿ" ಎನ್ನಿ. ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೆ ಆ ಒಂದು ಹುದ್ದೆಗೆ ಮಾತ್ರ ಬೇರೆ ಕಾಪಿ ಮಾಡಿ, ಮೂರೂ ಸಾಲುಗಳನ್ನು ಕೊನೆಯ ಪುಟದ ಕೆಳಗೆ, ಪಕ್ಕದಲ್ಲಿ ಆ ದಿನದ ತಾರೀಖು ಹಾಕಿ ಕೊಡಿ. ಅವರು ಕಂಪನಿಗೆ ಕಳಿಸುವ ಮುಂಚೆ ಏನು ಕಳಿಸುತ್ತಿದ್ದಾರೆ ಎಂದು ಒಮ್ಮೆ ತೋರಿಸಲು ಕೇಳಿ. ನೀವು ಹೇಳಿದ 90 ದಿನ ಅಲ್ಲಿ 30 ಆಗಿರುವುದೂ ಉಂಟು. ಇನ್ನೊಂದು, ಫೈಲ್‌ನ ಹೆಸರನ್ನೂ ನೋಡಿಕೊಳ್ಳಿ. ಒಳಗೆ ಎಲ್ಲ ಅಳಿಸಿ ಹೆಸರಿನಲ್ಲಿ "90 ದಿನ ನೋಟಿಸ್" ಎಂದು ಉಳಿಸಿಕೊಂಡು ಕಳಿಸುವವರು ಬಹಳ ಜನ ಇದ್ದಾರೆ.